ವೈರಸ್ ಇಲ್ಲದ ಕಾಮಾಲೆಗೆ ಸ್ಟೀರಾಯ್ಡ್ ಏಕೆ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ನನ್ನ ಅಕ್ಕನಿಗೆ 44 ವರ್ಷ, ತೂಕ 54 ಕೆ.ಜಿ. ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ತಿಂದದ್ದರಿಂದ ಮೂತ್ರ ಕೆಂಪಾಗಿದೆ ಎಂದುಕೊಂಡಿದ್ದೆವು. ಎರಡು ವಾರವಾದರೂ ಬಣ್ಣ ಹೋಗಲಿಲ್ಲ, ಕಣ್ಣು ಹಳದಿಯಾಯಿತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲವಂತೆ. ಎಎನ್‌ಎ ಪಾಸಿಟಿವ್ ಬಂದಿದೆ, ಆಟೋಇಮ್ಯೂನ್ ಹೆಪಟೈಟಿಸ್ ಇರಬೇಕು ಎಂದು ವೈದ್ಯರು ದಿನಕ್ಕೆ 40 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಬರೆದು, ಬಯಾಪ್ಸಿಗೂ ಹೇಳಿದ್ದಾರೆ. ಪಕ್ಕದ ತೋಟದವರಿಗೆ ಹೆಪಟೈಟಿಸ್ ಬಿ ಇದೆ. ಅವರಿಗೆ ಸ್ಟೀರಾಯ್ಡ್ ಮುಟ್ಟಲೇಬೇಡಿ ಎಂದಿದ್ದಾರೆ. ಹಾಗಾಗಿ ಮೂರು ದಿನದಿಂದ ಮಾತ್ರೆಯನ್ನು ತಂದಿಟ್ಟುಕೊಂಡು ಕುಳಿತಿದ್ದೇವೆ. ಏನು ಮಾಡಲಿ? ವರದಿಗಳನ್ನು ಕಳುಹಿಸಿದ್ದೇನೆ.

ಉತ್ತರ: ಇವತ್ತೇ ಎರಡು ಕೆಲಸ ಮಾಡಿ. ಅಕ್ಕನ ರಕ್ತ ಕೊಟ್ಟು ‘ಹೆಪಟೈಟಿಸ್ ಬಿ ಕೋರ್ ಪ್ರತಿಕಾಯ, ಒಟ್ಟು’ ಎಂಬ ಪರೀಕ್ಷೆಯನ್ನು ಮಾಡಿಸಿ. ನೀವು ಕಳುಹಿಸಿದ ವರದಿಗಳಲ್ಲಿ ಅದೊಂದು ಇಲ್ಲ. ಅದೇ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ಸಿನ ಆರ್‌ಎನ್‌ಎಯನ್ನೂ ನೋಡಿಸಿ. ಎರಡನೆಯದು, ಬಯಾಪ್ಸಿಯ ದಿನವನ್ನು ನಾಳೆಗೋ ನಾಡಿದ್ದಿಗೋ ಗೊತ್ತುಮಾಡಿಕೊಳ್ಳಿ. ಅದು ಅಷ್ಟರಲ್ಲಿ ಆಗುವುದಿಲ್ಲ ಎಂದಾದರೆ, ವೈದ್ಯರಿಗೆ ಫೋನ್ ಮಾಡಿ ಕೇಳಿ ಮಾತ್ರೆಯನ್ನು ಶುರು ಮಾಡಿಬಿಡಿ. ಬಿಲಿರುಬಿನ್ 8.4 ಇರುವವರು ಮಾತ್ರೆ ಇಟ್ಟುಕೊಂಡು ಕಾಯುವುದರಲ್ಲಿ ನನಗೆ ಹೆಚ್ಚು ಭಯ ಕಾಣುತ್ತದೆ. ಏಕೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಮೂತ್ರದ ಬಣ್ಣದ ವಿಚಾರ. ಮದ್ದು ಸೊಪ್ಪು ತಿಂದರೆ ಮೂತ್ರಕ್ಕೆ ಕೆಂಪು ಬಣ್ಣ ಬರುವುದು ಕೊಡಗಿನವರೆಲ್ಲರಿಗೂ ಗೊತ್ತು. ಬರದಿದ್ದರೆ ಮದ್ದು ಮೈಗೆ ಹಿಡಿಯಲಿಲ್ಲ ಎನ್ನುವವರೂ ಇದ್ದಾರೆ. ಆದರೆ ಆ ಬಣ್ಣ ಒಂದೆರಡು ದಿನದಲ್ಲಿ ಹೋಗುತ್ತದೆ. ಕಾಮಾಲೆಯ ಮೂತ್ರ ಗಟ್ಟಿ ಚಹಾದ ಕಷಾಯದ ಬಣ್ಣದ್ದು. ಅದನ್ನು ಬಾಟಲಿಯಲ್ಲಿ ಹಾಕಿ ಅಲುಗಾಡಿಸಿದರೆ ನೊರೆಯೂ ಹಳದಿಯಾಗಿರುತ್ತದೆ. ಇನ್ನು ಮುಂದೆ ಕಕ್ಕಡದಲ್ಲಿ ಮನೆಯಲ್ಲಿ ಯಾರಿಗಾದರೂ ಮೂರು ದಿನ ದಾಟಿಯೂ ಬಣ್ಣ ಉಳಿದರೆ ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಯನ್ನು ನೋಡಿ. ನಿಮ್ಮ ಎರಡು ವಾರ ಹೋದದ್ದು ಇಲ್ಲಿ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಆ ತಿಂಗಳಲ್ಲಿ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಈಗ ವರದಿ. ಬಿಲಿರುಬಿನ್ 8.4, ಎಎಲ್‌ಟಿ 1,040, ಎಎಸ್‌ಟಿ 912, ಆಲ್ಬುಮಿನ್ 3.1, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 1.4. ಎಎಲ್‌ಟಿ ಎಂಬುದು ಯಕೃತ್ತಿನ ಕೋಶದೊಳಗೆ ಇರಬೇಕಾದ ಕಿಣ್ವ. ರಕ್ತದಲ್ಲಿ ಅದು ಸುಮಾರು 40ರ ಒಳಗೆ ಇರಬೇಕಿತ್ತು; ಸಾವಿರ ದಾಟಿದೆ ಎಂದರೆ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಒಡೆಯುತ್ತಿವೆ ಎಂದರ್ಥ. ತೋಟದ ಊರುಗಳಲ್ಲಿ ಮಳೆಗಾಲದ ಕಾಮಾಲೆ ಎಂದ ಕೂಡಲೇ ಇಲಿ ಜ್ವರದ ನೆನಪಾಗುತ್ತದೆ. ಇಲಿ ಜ್ವರದಲ್ಲಿ ಕಣ್ಣು ಎಷ್ಟು ಹಳದಿಯಾದರೂ ಎಎಲ್‌ಟಿ ಸಾಮಾನ್ಯವಾಗಿ ಇನ್ನೂರರ ಆಚೀಚೆ ನಿಲ್ಲುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಜ್ವರ, ಮೈಕೈ ನೋವು ಮುಂದೆ ಬಂದಿರುತ್ತವೆ. ನಿಮ್ಮ ಅಕ್ಕನದು ಹಾಗಿಲ್ಲ. ಕೋಶಗಳು ಈ ಪ್ರಮಾಣದಲ್ಲಿ ಒಡೆಯಬೇಕಾದರೆ ವೈರಸ್ ಇರಬೇಕು, ಯಾವುದೋ ಔಷಧಿ ಇರಬೇಕು, ಇಲ್ಲವೇ ಮೈಯ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಬಿದ್ದಿರಬೇಕು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತೇವಲ್ಲ, ಆಟೋಇಮ್ಯೂನ್ ಹೆಪಟೈಟಿಸ್ ಎಂದರೆ ಅದೇ.

ನೀವು ‘ಎಎನ್‌ಎ ಪಾಸಿಟಿವ್’ ಎಂದಷ್ಟೇ ಬರೆದಿದ್ದೀರಿ. ಎಎನ್‌ಎ ಎಂದರೆ ನಮ್ಮದೇ ಕೋಶಗಳ ಕೇಂದ್ರದ ವಿರುದ್ಧದ ಪ್ರತಿಕಾಯ. ವರದಿಯಲ್ಲಿ ಅದಕ್ಕಿಂತ ಹೆಚ್ಚಿನ ಮಾತಿದೆ. ಈ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ವರದಿ ಓದುವುದು ಸುಲಭ. ರೋಗಿಯ ರಕ್ತದ ಸೀರಮ್ಮನ್ನು ನಲವತ್ತು ಪಾಲಿಗೆ, ಎಂಬತ್ತು ಪಾಲಿಗೆ, ನೂರಅರುವತ್ತು ಪಾಲಿಗೆ ಹೀಗೆ ದುಪ್ಪಟ್ಟು ದುಪ್ಪಟ್ಟು ತೆಳುವಾಗಿಸುತ್ತಾರೆ. ಒಂದೊಂದು ತೆಳುವಿನ ಹನಿಯನ್ನೂ ಗಾಜಿನ ಮೇಲೆ ಬೆಳೆಸಿದ ಕೋಶಗಳ ಮೇಲೆ ಬಿಟ್ಟು, ತೊಳೆದು, ಪ್ರತಿಕಾಯ ಅಂಟಿದ ಕಡೆ ಹೊಳೆಯುವ ಬಣ್ಣವನ್ನು ಹಾಕುತ್ತಾರೆ. ಕತ್ತಲ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ನಡುವಿನ ಕೇಂದ್ರ ಹಸಿರಾಗಿ ಬೆಳಗುತ್ತದೆ. ಕೊನೆಗೆ ಎಷ್ಟು ತೆಳುವಾಗಿಸಿದಾಗಲೂ ಹೊಳಪು ಉಳಿಯಿತೋ ಅದೇ ಟೈಟರ್. ನಿಮ್ಮ ಅಕ್ಕನದು 1:320. ಪಕ್ಕದಲ್ಲಿ ‘ಹೋಮೋಜೀನಿಯಸ್’ ಎಂದಿದೆ, ಅಂದರೆ ಕೇಂದ್ರವೆಲ್ಲ ಒಂದೇ ಸಮನಾಗಿ ಹೊಳೆದಿದೆ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಕಾಣುವ ಚಿತ್ರ ಅದೇ. ಚುಕ್ಕೆಚುಕ್ಕೆಯಾಗಿ ಹೊಳೆಯುವವರೂ ಇದ್ದಾರೆ, ಅದರಿಂದ ಕಾಯಿಲೆ ಇಲ್ಲ ಎಂದೇನೂ ಆಗುವುದಿಲ್ಲ.

ಎರಡನೆಯ ಸಾಲಿನಲ್ಲಿ ಎಎಸ್‌ಎಂಎ 1:160 ಇದೆ. ಇದು ನಯ ಸ್ನಾಯುವಿನ ವಿರುದ್ಧದ ಪ್ರತಿಕಾಯ. ಇದನ್ನು ನೋಡುವುದು ಬೇರೆ ಗಾಜಿನಲ್ಲಿ. ಇಲಿಯ ಯಕೃತ್ತು, ಮೂತ್ರಪಿಂಡ, ಜಠರ ಮೂರನ್ನೂ ತೆಳುವಾಗಿ ಸೀಳಿ ಒಂದೇ ಗಾಜಿನ ಮೇಲೆ ಇಟ್ಟಿರುತ್ತಾರೆ. ಮೂತ್ರಪಿಂಡದ ರಕ್ತನಾಳದ ಗೋಡೆ ಮಾತ್ರ ಹೊಳೆದರೆ ಅದಕ್ಕೆ ಅಷ್ಟು ಬೆಲೆ ಇಲ್ಲ. ನಾಳದ ಜೊತೆಗೆ ಸೋಸುವ ಗಂಟುಗಳೂ ಕೊಳವೆಗಳೂ ಹೊಳೆದರೆ ಅದು ಆಕ್ಟಿನ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ, ಆಟೋಇಮ್ಯೂನ್ ಹೆಪಟೈಟಿಸ್ಸಿಗೆ ಹೆಚ್ಚು ಹತ್ತಿರದ್ದು. ಎಎನ್‌ಎ, ಎಎಸ್‌ಎಂಎ ಈ ಎರಡೂ ಸೇರಿದ ಚಿತ್ರವನ್ನು ಒಂದನೆಯ ಬಗೆ ಎನ್ನುತ್ತೇವೆ. ದೊಡ್ಡವರಲ್ಲಿ ಹೆಚ್ಚಿನ ಪಾಲು ಇದೇ. ಅದೇ ಗಾಜಿನ ಮೇಲೆ ಯಕೃತ್ತಿನ ಕೋಶಗಳೂ ಮೂತ್ರಪಿಂಡದ ಕೊಳವೆಗಳೂ ಹೊಳೆದರೆ ಎಲ್‌ಕೆಎಂ-1 ಎಂದು ಬರೆಯುತ್ತಾರೆ. ಅದು ಎರಡನೆಯ ಬಗೆ, ಬಹುಮಟ್ಟಿಗೆ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣುವಂಥದ್ದು. ಮದ್ದು ನಿಲ್ಲಿಸಿದರೆ ಮರುಕಳಿಸುವುದು ಅದರಲ್ಲಿ ಇನ್ನೂ ಹೆಚ್ಚು. ನಿಮ್ಮ ಅಕ್ಕನಿಗೆ ಅದು ಇಲ್ಲ. ಎಎಂಎ ಎಂಬ ಇನ್ನೊಂದು ಪ್ರತಿಕಾಯವೂ ಇಲ್ಲ. ಅದು ಇದ್ದಿದ್ದರೆ ಪಿತ್ತನಾಳದ ಬೇರೊಂದು ಕಾಯಿಲೆಯನ್ನು ಹುಡುಕಬೇಕಾಗುತ್ತಿತ್ತು.

ಆದರೆ ಪ್ರತಿಕಾಯದ ಕಾಗದವೊಂದನ್ನೇ ಹಿಡಿದು ಈ ಕಾಯಿಲೆಯ ಹೆಸರನ್ನು ಹೇಳಬಾರದು. ನನ್ನ ಅನುಭವದಲ್ಲಿ ಜನರಿಗೆ ಹೆಚ್ಚು ಕೇಡಾಗಿರುವುದು ಈ ತಪ್ಪಿನಿಂದಲೇ. ಆರೋಗ್ಯವಂತರಲ್ಲೂ ಕೆಲವರಿಗೆ ಎಎನ್‌ಎ ಸಣ್ಣ ಟೈಟರ್‌ನಲ್ಲಿ ಇರುತ್ತದೆ. ಕೊಬ್ಬು ತುಂಬಿದ ಯಕೃತ್ತಿನವರಲ್ಲಿ ಇರುತ್ತದೆ. ಹೆಪಟೈಟಿಸ್ ಬಿ, ಸಿ ಇರುವವರಲ್ಲೂ ಇರುತ್ತದೆ. ಹೆಪಟೈಟಿಸ್ ಸಿ ರೋಗಿಗಳಲ್ಲಿ ಕೆಲವರಿಗೆ ಎಲ್‌ಕೆಎಂ-1 ಕೂಡ ಪಾಸಿಟಿವ್ ಬರುತ್ತದೆ. ವರ್ಷಗಳ ಹಿಂದೆ ಕಾಫಿ ತೋಟದ ಒಬ್ಬ ರೈಟರು ನನ್ನ ಬಳಿ ಬಂದಿದ್ದರು. ಎಎಲ್‌ಟಿ 110, ಎಎನ್‌ಎ 1:80. ಅಷ್ಟನ್ನು ನೋಡಿ ಯಾರೋ ನಾಲ್ಕು ತಿಂಗಳು ಸ್ಟೀರಾಯ್ಡ್ ಕೊಟ್ಟಿದ್ದರು. ಮುಖ ಊದಿತ್ತು, ಸಕ್ಕರೆ ಏರಿತ್ತು, ಎಎಲ್‌ಟಿ ಮಾತ್ರ ಇಳಿದಿರಲಿಲ್ಲ. ರಕ್ತದ ಪ್ರತಿಕಾಯಗಳಲ್ಲಿ ದೊಡ್ಡ ಪಾಲಾದ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಏರುವ ಐಜಿಜಿಯನ್ನು ನೋಡಿಸಿದರೆ ಸಹಜವಾಗಿತ್ತು. ಹೆಪಟೈಟಿಸ್ ಸಿ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. ಮಾಡಿಸಿದೆವು, ವೈರಸ್ ಇತ್ತು. ಸ್ಟೀರಾಯ್ಡನ್ನು ಹಂತಹಂತವಾಗಿ ಬಿಡಿಸಿ, ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆಯನ್ನು ದಿನಕ್ಕೆ ಒಂದರಂತೆ ಹನ್ನೆರಡು ವಾರ ಕೊಟ್ಟೆವು. ಮುಗಿಯಿತು, ವೈರಸ್ ಹೋಯಿತು, ಇವತ್ತಿಗೂ ಆರಾಮಾಗಿದ್ದಾರೆ. ಆ ನಾಲ್ಕು ತಿಂಗಳ ಸಂಕಟ ಬೇಕಾಗಿರಲಿಲ್ಲ.

ಆದ್ದರಿಂದ ನಾಲ್ಕು ಕಡೆಯಿಂದ ನೋಡಿ ಅಂಕ ಹಾಕುವ ಒಂದು ಸರಳ ಪದ್ಧತಿ 2008ರಿಂದ ಬಳಕೆಯಲ್ಲಿದೆ. ಪ್ರತಿಕಾಯ, ಐಜಿಜಿ, ವೈರಸ್ ಇಲ್ಲದಿರುವುದು, ಬಯಾಪ್ಸಿ ಈ ಒಂದೊಂದಕ್ಕೂ ಹೆಚ್ಚೆಂದರೆ ಎರಡು ಅಂಕ. ನಿಮ್ಮ ಅಕ್ಕನದನ್ನು ಕೂಡೋಣ. ಪ್ರತಿಕಾಯ 1:80 ಅಥವಾ ಅದಕ್ಕಿಂತ ಮೇಲೆ ಇದೆ, ಎರಡು ಅಂಕ. ಎಎನ್‌ಎ, ಎಎಸ್‌ಎಂಎ ಎರಡೂ ಇದ್ದರೂ ಎರಡೇ. ಐಜಿಜಿ 2,680 ಇದೆ. ಆ ಪ್ರಯೋಗಾಲಯದ ಮೇಲ್ಮಿತಿ 1,600, ಅದರ ಒಂದೂವರೆ ಪಟ್ಟಿಗೂ ಹೆಚ್ಚು, ಎರಡು ಅಂಕ. ವೈರಸ್ ಇಲ್ಲ ಎನ್ನುವುದಕ್ಕೆ ಎರಡು. ಒಟ್ಟು ಆರು. ಆರು ಬಂದರೆ ‘ಬಹುಶಃ ಹೌದು’, ಏಳು ಬಂದರೆ ‘ಖಚಿತ’. ಆದರೆ ಯಕೃತ್ತಿನ ತುಣುಕಿನಲ್ಲಿ ಉರಿಯೂತ ಕಂಡಿರಲೇಬೇಕು ಎಂಬುದು ಈ ಲೆಕ್ಕದ ಷರತ್ತು. ವೈದ್ಯರು ಬಯಾಪ್ಸಿ ಕೇಳಿದ್ದು ಅದಕ್ಕಾಗಿ, ಕೇಳಿದ್ದು ಸರಿ. ಐಎನ್‌ಆರ್ 1.4 ಇರುವಾಗ ಸೂಜಿ ಹಾಕಬಹುದು. ಪ್ಲೇಟ್‌ಲೆಟ್ ಎಣಿಕೆಯನ್ನು ಅವರು ನೋಡಿಕೊಳ್ಳುತ್ತಾರೆ. ಪಕ್ಕೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡುತ್ತಾ, ದಾರದಷ್ಟು ಸಣ್ಣ, ಎರಡು ಸೆಂಟಿಮೀಟರಿನಷ್ಟು ಉದ್ದದ ತುಣುಕನ್ನು ತೆಗೆಯುತ್ತಾರೆ. ಆ ಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಬೇಕು. ಆ ತುಣುಕಿನಲ್ಲಿ ಅವರು ಹುಡುಕುವುದು ಯಕೃತ್ತಿನ ಕೋಶಗಳ ಗುಂಪಿನ ಅಂಚನ್ನು ಕೊರೆಯುತ್ತಿರುವ ಉರಿಯೂತವನ್ನು, ಅದರೊಳಗೆ ಗುಂಪುಗುಂಪಾಗಿ ಕುಳಿತ ಪ್ಲಾಸ್ಮಾ ಕೋಶಗಳನ್ನು. ಈಗಾಗಲೇ ಗಾಯದ ಕಲೆ, ಅಂದರೆ ಸಿರೋಸಿಸ್, ಆಗಿದೆಯೇ ಎಂಬುದೂ ಅದರಿಂದಲೇ ತಿಳಿಯುತ್ತದೆ. ಕಾಮಾಲೆ ಈಗ ಕಂಡರೂ ಕಾಯಿಲೆ ಒಳಗೊಳಗೇ ವರ್ಷಗಳಿಂದ ಇದ್ದಿರಬಹುದು.

ಬಯಾಪ್ಸಿಗೆ ಹೋಗುವ ಮುಂಚೆ ಅಕ್ಕನ ಹತ್ತಿರ ಕುಳಿತು ಒಂದು ಮಾತು ಕೇಳಿ. ಕಳೆದ ಆರು ತಿಂಗಳಲ್ಲಿ ಏನೇನು ಕುಡಿದಿದ್ದಾರೆ, ನುಂಗಿದ್ದಾರೆ? ಗದರಬೇಡಿ, ಗದರಿದರೆ ಹೇಳುವುದಿಲ್ಲ. ಕೋವಿಡ್ ಕಾಲದಿಂದ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿ ಉಳಿದುಕೊಂಡಿದೆ. ಅದನ್ನು ಕುಡಿದವರಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ಸಿನಂತೆಯೇ ಕಾಣುವ ಯಕೃತ್ತಿನ ಉರಿಯೂತವನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಮೇಲೆ ದೇಶದ ಬೇರೆ ಕಡೆಗಳಿಂದಲೂ ವರದಿಗಳು ಬಂದವು. ಆ ರೋಗಿಗಳಲ್ಲೂ ಎಎನ್‌ಎ ಪಾಸಿಟಿವ್ ಇರುತ್ತದೆ, ಐಜಿಜಿ ಏರಿರುತ್ತದೆ. ಮೂತ್ರದ ಸೋಂಕಿಗೆ ತಿಂಗಳುಗಟ್ಟಲೆ ನೈಟ್ರೋಫ್ಯುರಾಂಟೊಯಿನ್ ತೆಗೆದುಕೊಂಡವರಲ್ಲೂ, ಮೊಡವೆಗೆ ಮಿನೋಸೈಕ್ಲಿನ್ ತೆಗೆದುಕೊಂಡವರಲ್ಲೂ ಹೀಗಾಗುವುದುಂಟು. ಕಾರಣ ಹೊರಗಿನದಾದರೆ ಅದನ್ನು ನಿಲ್ಲಿಸಿದ ಮೇಲೆ ಸ್ಟೀರಾಯ್ಡ್ ಕಡಿಮೆ ಕಾಲಕ್ಕೆ ಮುಗಿಯಬಹುದು, ಹಾಗಾಗಿ ಈ ಮಾಹಿತಿ ವೈದ್ಯರಿಗೆ ಬೇಕೇ ಬೇಕು. ಕಾಮಾಲೆ ಕಂಡ ಮೇಲೆ ಯಾರಾದರೂ ಹಾಲಿನಲ್ಲಿ ನೆಲನೆಲ್ಲಿ ಅರೆದು ಕೊಡುತ್ತಿದ್ದರೆ ಅದನ್ನೂ ಸದ್ಯಕ್ಕೆ ನಿಲ್ಲಿಸಿ. ಮುಂದೆ ಯಾವುದರಿಂದ ಏರಿತು, ಯಾವುದರಿಂದ ಇಳಿಯಿತು ಎಂಬುದು ನಮಗೆ ತಿಳಿಯಬೇಕು.

ಇನ್ನು ಪಕ್ಕದ ತೋಟದವರ ಮಾತು. ಅವರಿಗೆ ಹೇಳಿದ್ದೂ ಸರಿ, ನಿಮಗೆ ಹೇಳಿದ್ದೂ ಸರಿ. ಹೆಪಟೈಟಿಸ್ ಬಿ ವೈರಸ್ ಯಕೃತ್ತಿನ ಕೋಶದೊಳಗೆ ಮನೆ ಮಾಡಿಕೊಂಡಿರುತ್ತದೆ. ಕೋಶವನ್ನು ಬಹುಮಟ್ಟಿಗೆ ಕೊಲ್ಲುವುದು ವೈರಸ್ ಅಲ್ಲ, ವೈರಸ್ ಹೊಕ್ಕ ಕೋಶವನ್ನು ಹುಡುಕಿ ಹೊಡೆಯುವ ನಮ್ಮದೇ ರಕ್ಷಣಾ ಪಡೆ. ಅಲ್ಲಿ ಸ್ಟೀರಾಯ್ಡ್ ಕೊಟ್ಟರೆ ಪಡೆ ತಣ್ಣಗಾಗುತ್ತದೆ, ಎಎಲ್‌ಟಿ ಇಳಿಯುತ್ತದೆ, ರೋಗಿಗೆ ಹಿತವೆನಿಸುತ್ತದೆ. ಆ ಮರೆಯಲ್ಲಿ ವೈರಸ್ ಬೇಕಾದಷ್ಟು ಬೆಳೆಯುತ್ತದೆ. ಸ್ಟೀರಾಯ್ಡ್ ಕಡಿಮೆ ಮಾಡಿದ ದಿನ ಪಡೆ ಎಚ್ಚೆತ್ತು ನೋಡಿದರೆ ಎಲ್ಲ ಕೋಶದಲ್ಲೂ ವೈರಸ್, ಒಮ್ಮೆಲೇ ಎರಗುತ್ತದೆ. ಯಕೃತ್ತು ಸೋತು ಸಾವು ಬರಬಹುದಾದದ್ದು ಆಗಲೇ. ಆದ್ದರಿಂದ ಅವರಿಗೆ ಬೇಕಾದದ್ದು ಟೆನೋಫೋವಿರ್ ಅಥವಾ ಎಂಟೆಕಾವಿರ್‌ನಂಥ, ವೈರಸ್ಸಿನ ಬೆಳವಣಿಗೆಯನ್ನು ತಡೆಯುವ ಮಾತ್ರೆ. ಹೆಪಟೈಟಿಸ್ ಬಿ, ಸಿ ಎರಡರ ಔಷಧಿಯೂ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ; ಅವರಿಗೆ ಗೊತ್ತಿಲ್ಲದಿದ್ದರೆ ತಿಳಿಸಿ. ಹೆಪಟೈಟಿಸ್ ಎ, ಇ ಗಳಿಗಂತೂ ಬಹುಪಾಲು ಮಂದಿಗೆ ವಿಶ್ರಾಂತಿ, ಊಟ, ಕಾಯುವುದು ಇಷ್ಟೇ ಚಿಕಿತ್ಸೆ.

ನಿಮ್ಮ ಅಕ್ಕನ ಯಕೃತ್ತಿನಲ್ಲಿ ಹೊಡೆಯಬೇಕಾದ ವೈರಿಯೇ ಇಲ್ಲ. ಹೊಡೆಯುತ್ತಿರುವ ಪಡೆಯನ್ನು ಇಳಿಸುವುದೇ ಚಿಕಿತ್ಸೆ. ಇದು ಊಹೆಯ ಮಾತಲ್ಲ. 1971ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯವರು ಇಂಥ ರೋಗಿಗಳಲ್ಲಿ ಕೆಲವರಿಗೆ ಪ್ರೆಡ್ನಿಸೊಲೋನ್ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದರು. ಕೊಡದವರಲ್ಲಿ ಸಾವು ಎಷ್ಟೋ ಹೆಚ್ಚಾಗಿತ್ತು. ಅಂದಿನಿಂದ ಈ ಮಾತ್ರೆಯೇ ಮೊದಲ ಮದ್ದಾಗಿದೆ.

ಈಗ ಆ ಕೋರ್ ಪ್ರತಿಕಾಯದ ಪರೀಕ್ಷೆಗೆ ಬರುತ್ತೇನೆ. ನಿಮ್ಮ ವರದಿಯಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್ ಇದೆ, ಅಂದರೆ ಸದ್ಯ ರಕ್ತದಲ್ಲಿ ಹೆಪಟೈಟಿಸ್ ಬಿ ತೋರುತ್ತಿಲ್ಲ. ಆದರೆ ಹಿಂದೆಂದೋ ಬಂದು ಹೋದ ವೈರಸ್ಸಿನ ಬೀಜ ಯಕೃತ್ತಿನ ಕೋಶದಲ್ಲಿ ಉಳಿದಿರಬಹುದು. ಅದರ ಗುರುತೇ ಈ ಕೋರ್ ಪ್ರತಿಕಾಯ. ಅದು ಪಾಸಿಟಿವ್ ಬಂದರೆ, ದಿನಕ್ಕೆ 20 ಮಿ.ಗ್ರಾಂ. ದಾಟಿದ ಸ್ಟೀರಾಯ್ಡನ್ನು ತಿಂಗಳಿಗೂ ಹೆಚ್ಚು ಕಾಲ ಕೊಡುವಾಗ ಮಲಗಿದ್ದ ವೈರಸ್ ಏಳುವ ಸಾಧ್ಯತೆ ಇದೆ. ಆಗಲೂ ಸ್ಟೀರಾಯ್ಡ್ ಬೇಡ ಎನ್ನುವುದಿಲ್ಲ. ವೈರಸ್ಸಿನ ಡಿಎನ್‌ಎ ಪರೀಕ್ಷೆ ಮಾಡಿ, ಬೇಕೆನಿಸಿದರೆ ಎಂಟೆಕಾವಿರನ್ನು ಜೊತೆಗೇ ಕೊಡುತ್ತೇವೆ. ಹೆಪಟೈಟಿಸ್ ಸಿ ಆರ್‌ಎನ್‌ಎ ಕೇಳಿದ್ದೂ ಇಂಥದೇ ಕಾರಣಕ್ಕೆ: ಸೋಂಕು ಹೊಸದಾದರೆ ಮೊದಲ ಕೆಲವು ವಾರ ಪ್ರತಿಕಾಯದ ಪರೀಕ್ಷೆ ನೆಗೆಟಿವ್ ಬರುತ್ತದೆ, ವೈರಸ್ ಮಾತ್ರ ಇರುತ್ತದೆ.

ಬರೆದಿರುವ 40 ಮಿ.ಗ್ರಾಂ. ಅವರ ತೂಕಕ್ಕೆ ಸರಿಯಾದ ಪ್ರಮಾಣ. ಬೆಳಗ್ಗೆ ತಿಂಡಿಯಾದ ಮೇಲೆ ಒಮ್ಮೆಗೇ ನುಂಗಲಿ. ಸಂಜೆ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಬಿಲಿರುಬಿನ್, ಎಎಲ್‌ಟಿ, ಐಎನ್‌ಆರ್ ನೋಡಿಸಿ. ಒಂದೆರಡು ವಾರದಲ್ಲಿ ಅಂಕಿಗಳು ಇಳಿಯತೊಡಗಬೇಕು. ಇಳಿದಂತೆ ವೈದ್ಯರು ಮಾತ್ರೆಯನ್ನು ಐದೈದೋ ಹತ್ತತ್ತೋ ಮಿ.ಗ್ರಾಂ. ಕಡಿಮೆ ಮಾಡುತ್ತಾ ಮೂರು ತಿಂಗಳ ಹೊತ್ತಿಗೆ ಹತ್ತಕ್ಕೋ ಅದಕ್ಕಿಂತ ಕೆಳಕ್ಕೋ ತರುತ್ತಾರೆ. ಅಷ್ಟರಲ್ಲಿ ಅಜಥಯೋಪ್ರಿನ್ ಎಂಬ ಎರಡನೆಯ ಮಾತ್ರೆ ಸೇರಿಕೊಳ್ಳುತ್ತದೆ. ಸ್ಟೀರಾಯ್ಡನ್ನು ಇಳಿಸಲು ಸಾಧ್ಯವಾಗುವುದು ಅದರ ಬಲದಿಂದ. ಅದನ್ನು ಈಗಲೇ ಏಕೆ ಬರೆಯಲಿಲ್ಲ ಎಂದು ನಿಮಗೆ ಅನ್ನಿಸಬಹುದು. ಅಜಥಯೋಪ್ರಿನ್ ಕೂಡ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಗಾಢ ಕಾಮಾಲೆಯಲ್ಲಿ ಅದು ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಹಾಗಾಗಿ ಬಿಲಿರುಬಿನ್ 6ರ ಕೆಳಗೆ ಬರುವವರೆಗೆ ಕಾಯುವುದು ರೂಢಿ. ಆಮೇಲೆ 50 ಮಿ.ಗ್ರಾಂ.ನಿಂದ ಶುರು.

ಅಜಥಯೋಪ್ರಿನ್ ಶುರುವಾದ ಮೇಲೆ ಎಚ್ಚರ ಇರಬೇಕಾದದ್ದು ಬಿಳಿ ರಕ್ತಕಣದ ಮೇಲೆ. ಕೆಲವರ ಮೈಗೆ ಈ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಪಾಶ್ಚಾತ್ಯರಲ್ಲಿ ಅದಕ್ಕೆ ಟಿಪಿಎಂಟಿ ಎಂಬ ಜೀನ್ ಮುಖ್ಯ ಕಾರಣ. ಏಷ್ಯಾದವರಲ್ಲಿ, ನಮ್ಮಲ್ಲೂ, ಎನ್‌ಯುಡಿಟಿ15 ಎಂಬ ಜೀನಿನ ಬದಲಾವಣೆ ಹೆಚ್ಚು ಕಾಣುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸುವುದಾದರೆ ಎರಡನ್ನೂ ಕೇಳಿ. ಮಾಡಿಸಲು ಆಗದಿದ್ದರೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ರಕ್ತಕಣ ಎಣಿಸಿ. ಮಾತ್ರೆ ಶುರುವಾದ ಮೂರು ನಾಲ್ಕು ವಾರದಲ್ಲಿ ತಲೆ ಬಾಚಿದಾಗ ಕೂದಲು ಹಿಡಿಹಿಡಿಯಾಗಿ ಬಂದರೆ, ಅಥವಾ ಜ್ವರ ಬಂದು ಗಂಟಲು ಹುಣ್ಣಾದರೆ, ಅಂದೇ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆಗೆ ಹೋಗಿ. ಯೂರಿಕ್ ಆಮ್ಲಕ್ಕೆಂದು ಅಲೋಪ್ಯುರಿನಾಲ್ ಯಾರಾದರೂ ಬರೆದುಕೊಟ್ಟರೆ ಅಜಥಯೋಪ್ರಿನ್ ನುಂಗುತ್ತಿರುವುದನ್ನು ಹೇಳಲೇಬೇಕು. ಎರಡನ್ನೂ ಹಾಗೆಯೇ ಸೇರಿಸಿದರೆ ಬಿಳಿಕಣ ಕುಸಿಯುತ್ತದೆ.

ಎಷ್ಟು ಕಾಲ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹೆಪಟೈಟಿಸ್ ಸಿ ಹನ್ನೆರಡು ವಾರದಲ್ಲಿ ಮುಗಿಯುತ್ತದೆ. ಇದು ಹಾಗೆ ಮುಗಿಯುವಂಥದ್ದಲ್ಲ. ಎಎಲ್‌ಟಿ ಮತ್ತು ಐಜಿಜಿ ಎರಡೂ ಸಹಜಕ್ಕೆ ಬಂದು, ಕಡಿಮೆಯೆಂದರೆ ಎರಡು ವರ್ಷ ಹಾಗೆಯೇ ಇದ್ದ ಮೇಲಷ್ಟೇ ಮಾತ್ರೆ ನಿಲ್ಲಿಸಿ ನೋಡುವ ಮಾತು. ಹಾಗೆ ನಿಲ್ಲಿಸಿದವರಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ಮರಳಿ ಬರುತ್ತದೆ, ಅವರು ಸಣ್ಣ ಪ್ರಮಾಣದಲ್ಲಿ ಜೀವನಪೂರ್ತಿ ತೆಗೆದುಕೊಳ್ಳುತ್ತಾರೆ. ಈ ದಾರಿಯಲ್ಲಿ ನೋಡಬೇಕಾದದ್ದು ಎಎಲ್‌ಟಿ ಮತ್ತು ಐಜಿಜಿಯನ್ನು. ಎಎನ್‌ಎಯನ್ನು ಮತ್ತೆ ಮತ್ತೆ ಮಾಡಿಸಿ ಹಣ ಕಳೆಯಬೇಡಿ. ದೊಡ್ಡವರಲ್ಲಿ ಟೈಟರ್ ಏರಿಳಿದದ್ದರಿಂದ ಕಾಯಿಲೆಯ ಬಿಸಿ ತಿಳಿಯುವುದಿಲ್ಲ. ನನ್ನ ಒಬ್ಬ ರೋಗಿ ಏಳನೆಯ ತಿಂಗಳಲ್ಲಿ ಎಲ್ಲ ಸರಿಯಾಗಿದೆ ಎಂದು ತಾವೇ ನಿಲ್ಲಿಸಿದ್ದರು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಸುಸ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊಯ್ಲು ಮುಗಿಸಿ ಬಂದಾಗ ಎಎಲ್‌ಟಿ 700 ದಾಟಿತ್ತು, ಮೊದಲಿನಿಂದ ಶುರು ಮಾಡಬೇಕಾಯಿತು. ಅಲ್ಲದೆ ಸ್ಟೀರಾಯ್ಡನ್ನು ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಬೀಳುವುದೂ ಉಂಟು.

ಶುರುವಿನಲ್ಲೇ ಸಕ್ಕರೆ, ರಕ್ತದೊತ್ತಡ, ಎದೆಯ ಎಕ್ಸ್‌ರೇ, ಥೈರಾಯ್ಡ್ ನೋಡಿಸಿ. ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲ ದಿನದಿಂದಲೇ ಬೇಕು. ಇದು ಅಂಟುವ ಕಾಯಿಲೆಯಲ್ಲ, ತಟ್ಟೆ ಲೋಟ ಬೇರೆ ಇಡಬೇಡಿ. ಕಾಮಾಲೆ ಎಂದು ಗಂಜಿಯಲ್ಲೇ ಇಡುವುದೂ ಬೇಡ, ಆಲ್ಬುಮಿನ್ 3.1 ಇರುವವರಿಗೆ ಮೊಟ್ಟೆ, ಮೀನು, ಬೇಳೆ ಚೆನ್ನಾಗಿ ಬೇಕು. ಮದ್ಯವನ್ನು, ಮನೆಯಲ್ಲಿ ಮಾಡಿದ ವೈನನ್ನೂ ಸೇರಿಸಿ, ಪೂರ್ತಿ ಬಿಡಬೇಕು.

ಮುಂದಿನ ಎರಡು ವಾರ ನಿಮ್ಮ ಭಾವನವರಿಗೂ ಮಕ್ಕಳಿಗೂ ಒಂದು ವಿಷಯ ಹೇಳಿಡಿ. ಅಕ್ಕ ಹಗಲಲ್ಲಿ ತೂಕಡಿಸಿ ರಾತ್ರಿ ಎಚ್ಚರವಿದ್ದರೆ, ದಿನ, ವಾರ ಮರೆತು ಮಾತಾಡಿದರೆ, ಕೈ ಚಾಚಿದಾಗ ಅಂಗೈ ಬೀಸಣಿಗೆಯಂತೆ ಬಡಿದರೆ, ಅಥವಾ ಐಎನ್‌ಆರ್ 1.5 ಮುಟ್ಟಿದರೆ, ಅದು ಮಾತ್ರೆಯ ಕೈ ಮೀರುತ್ತಿರುವ ಲಕ್ಷಣ. ಒಂದು ವಾರ ಸ್ಟೀರಾಯ್ಡ್ ಕೊಟ್ಟೂ ಬಿಲಿರುಬಿನ್ ಏರುತ್ತಲೇ ಇದ್ದರೆ ಅದೂ ಹಾಗೆಯೇ. ಆಗ ಯಕೃತ್ತಿನ ಕಸಿ ಮಾಡುವ ಆಸ್ಪತ್ರೆಯವರು ನೋಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಮಳೆ ಜೋರಾಗಿರುವಾಗ ನಿಮ್ಮ ಕಡೆ ಮರ ಬಿದ್ದು ರಸ್ತೆ ಮುಚ್ಚುವುದು ಗೊತ್ತೇ ಇದೆ. ಮೈಸೂರಿನಲ್ಲೋ ಕುಶಾಲನಗರದಲ್ಲೋ ನೆಂಟರ ಮನೆ ಇದ್ದರೆ ಈ ಎರಡು ವಾರ ಅಕ್ಕನನ್ನು ಅಲ್ಲಿ ಇರಿಸಿ.